ಅನಂತದವರೆಗಿನ ಅನುಕಲ

ನಿಶ್ಚಿತ ಅನುಕಲವನ್ನು ವಕ್ರರೇಖೆಯ ಕೆಳಗಿನ ವಿಸ್ತೀರ್ಣವೆಂದು ಕಲ್ಪಿಸಿಕೊಳ್ಳುವುದು ಸುಲಭ. ಎಡಕ್ಕೆ a, ಬಲಕ್ಕೆ b ಎಂದು ಎರಡು ಗಡಿ ಹಾಕಿ, ನಡುವಿನ ಜಾಗವನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯ ಅಗಲವನ್ನೂ ಎತ್ತರವನ್ನೂ ಗುಣಿಸಿ ಎಲ್ಲವನ್ನೂ ಕೂಡುತ್ತಾರೆ. ಪಟ್ಟಿಗಳು ತೆಳುವಾದಷ್ಟೂ ಮೊತ್ತ ಒಂದು ಸಂಖ್ಯೆಯ ಸಮೀಪಕ್ಕೆ ಬರುತ್ತದೆ. ಆ ಸಂಖ್ಯೆಯೇ ಅನುಕಲ. ಈ ಮಾತಿಗೆ ಬಿಗಿಯಾದ ರೂಪ ಕೊಟ್ಟವರು ಫ್ರಾನ್ಸಿನ ಕೋಶಿ ಮತ್ತು ಜರ್ಮನಿಯ ರೀಮಾನ್. ಕೋಶಿಯ ಪಾಠಗಳು ಅಚ್ಚಾದದ್ದು 1823ರಲ್ಲಿ. ರೀಮಾನ್ ತನ್ನ ವ್ಯಾಖ್ಯೆಯನ್ನು ಬರೆದದ್ದು 1854ರಲ್ಲಿ. ಇಬ್ಬರ ವಿಧಾನಕ್ಕೂ ಎರಡು ಗಡಿಗಳು ಇರಲೇಬೇಕು.

ಬಲಗಡೆಯ ಗಡಿಯನ್ನು ತೆಗೆದುಬಿಟ್ಟರೆ ಈ ವಿಧಾನ ಮೊದಲ ಹೆಜ್ಜೆಯಲ್ಲೇ ಸೋಲುತ್ತದೆ. ಕೊನೆಯಿಲ್ಲದ ಜಾಗವನ್ನು ನೂರು ಪಟ್ಟಿ ಮಾಡಿದರೂ ಸಾವಿರ ಪಟ್ಟಿ ಮಾಡಿದರೂ ಕಡೆಯ ಪಟ್ಟಿಯ ಅಗಲ ಅನಂತವಾಗಿಯೇ ಉಳಿಯುತ್ತದೆ. ಅನಂತವನ್ನು ಎತ್ತರದಿಂದ ಗುಣಿಸಿ ಬರುವ ಉತ್ತರಕ್ಕೆ ಅರ್ಥವಿಲ್ಲ. ಹೀಗೆ ಮೂಲ ವ್ಯಾಖ್ಯೆಯ ಆಚೆಗೆ ಬೀಳುವುದರಿಂದಲೇ ಇಂಥವನ್ನು ಇಂಪ್ರಾಪರ್ ಇಂಟಿಗ್ರಲ್ ಎಂದು ಕರೆಯುತ್ತಾರೆ.

ಪರಿಹಾರ ಸರಳ. ಅನಂತದವರೆಗೆ ಒಮ್ಮೆಗೇ ಹೋಗುವ ಬದಲು, ಬಲಗಡೆ b ಎಂಬಲ್ಲಿ ಒಂದು ಗಡಿ ನೆಟ್ಟು, ಅಲ್ಲಿಯವರೆಗಿನ ಮಾಮೂಲಿ ಅನುಕಲವನ್ನು ಲೆಕ್ಕ ಹಾಕಬೇಕು. ಆಮೇಲೆ ಗಡಿಗಲ್ಲನ್ನು ಬಲಕ್ಕೆ ಸರಿಸುತ್ತ ಹೋಗಬೇಕು. ಉತ್ತರಗಳು ಒಂದು ನಿರ್ದಿಷ್ಟ ಸಂಖ್ಯೆಯತ್ತ ಬಂದು ನೆಲೆಸಿದರೆ ಆ ಸಂಖ್ಯೆಯೇ ಅನಂತದವರೆಗಿನ ಅನುಕಲದ ಬೆಲೆ. ಬರೆಯುವುದು ಹೀಗೆ:

∫ₐ^∞ f(x) dx = lim (b→∞) ∫ₐᵇ f(x) dx

ಬಲಬದಿಯಲ್ಲಿ ಎಲ್ಲೂ ಅನಂತವನ್ನು ಸಂಖ್ಯೆಯಂತೆ ಬಳಸಿಲ್ಲ ಎಂಬುದನ್ನು ಗಮನಿಸಬೇಕು. b ಯಾವಾಗಲೂ ಒಂದು ಸಾಧಾರಣ ಸಂಖ್ಯೆ. ಅದು ಬೆಳೆಯುತ್ತಿದೆ, ಅಷ್ಟೆ. ಮಿತಿ ಸಿಕ್ಕರೆ ಅನುಕಲ ಅಭಿಸರಿಸುತ್ತದೆ ಎನ್ನುತ್ತಾರೆ, ಸಿಗದಿದ್ದರೆ ಅಪಸರಿಸುತ್ತದೆ ಎನ್ನುತ್ತಾರೆ.

ಮಿತಿ ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂಬುದೇ ಈ ವಿಷಯದ ತಿರುಳು. 1/x ಮತ್ತು 1/x² ಎಂಬ ಎರಡು ವಕ್ರರೇಖೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಎರಡೂ x = 1ರಲ್ಲಿ ಒಂದೇ ಎತ್ತರದಿಂದ ಹೊರಟು, ಬಲಕ್ಕೆ ಹೋದಂತೆ ತಗ್ಗುತ್ತ ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತವೆ. ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಈಗ ನೆಲವನ್ನು 1ರಿಂದ 2, 2ರಿಂದ 4, 4ರಿಂದ 8, ಹೀಗೆ ಪ್ರತಿ ಸಲವೂ ಅಗಲ ಇಮ್ಮಡಿಯಾಗುವ ತುಂಡುಗಳಾಗಿ ಗುರುತು ಮಾಡೋಣ.

1/xನ ಕೆಳಗೆ 1ರಿಂದ 2ರವರೆಗಿನ ವಿಸ್ತೀರ್ಣ ಸುಮಾರು 0.693. ಮುಂದಿನ ತುಂಡಿನ ಅಗಲ ಇದರ ಎರಡರಷ್ಟು, ಆದರೆ ಅಲ್ಲಿ ರೇಖೆಯ ಎತ್ತರ ಎಲ್ಲೆಡೆಯೂ ಸರಿಯಾಗಿ ಅರ್ಧ. ಎರಡರಷ್ಟು ಹಿಗ್ಗಿಸಿ ಅರ್ಧಕ್ಕೆ ಕುಗ್ಗಿಸಿದರೆ ವಿಸ್ತೀರ್ಣ ಬದಲಾಗುವುದಿಲ್ಲ, ಹಾಗಾಗಿ ಅಲ್ಲೂ 0.693. ಅದರ ಮುಂದಿನದೂ ಅಷ್ಟೇ. ಪ್ರತಿ ತುಂಡೂ ಅದೇ 0.693 ಅನ್ನು ಮೊತ್ತಕ್ಕೆ ಸೇರಿಸುತ್ತದೆ, ತುಂಡುಗಳಿಗೆ ಕೊನೆಯಿಲ್ಲ. ಆದ್ದರಿಂದ ಮೊತ್ತ ಯಾವ ಸಂಖ್ಯೆಯನ್ನು ಮುಂದಿಟ್ಟರೂ ಒಂದು ದಿನ ಅದನ್ನು ದಾಟುತ್ತದೆ. ಅನುಕಲ ಅಪಸರಿಸುತ್ತದೆ.

1/x²ನ ವಿಷಯದಲ್ಲಿ ಅಗಲ ಇಮ್ಮಡಿಯಾದಾಗ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ತುಂಡಿನ ವಿಸ್ತೀರ್ಣ ಹಿಂದಿನದರ ಅರ್ಧ: 0.5, 0.25, 0.125. ಇದು ರೊಟ್ಟಿಯಲ್ಲಿ ಅರ್ಧ ತಿಂದು, ಉಳಿದದ್ದರಲ್ಲಿ ಅರ್ಧ ತಿಂದು, ಮತ್ತೆ ಉಳಿದದ್ದರಲ್ಲಿ ಅರ್ಧ ತಿಂದ ಲೆಕ್ಕ. ಎಷ್ಟು ಸಲ ತಿಂದರೂ ಒಂದು ರೊಟ್ಟಿಗಿಂತ ಹೆಚ್ಚಾಗುವುದಿಲ್ಲ. b ವರೆಗಿನ ಅನುಕಲ 1 − 1/b. B ಬೆಳೆದಂತೆ ಅದು 1ಕ್ಕೆ ಬಂದು ನೆಲೆಸುತ್ತದೆ. ಕೊನೆಯಿಲ್ಲದಷ್ಟು ಉದ್ದದ ಆಕೃತಿಗೆ ಒಂದು ಚದರ ಮಾನದ ವಿಸ್ತೀರ್ಣ ಇರುವುದು ವಿಚಿತ್ರವೆನಿಸಬಹುದು, ಆದರೆ ಲೆಕ್ಕದಲ್ಲಿ ಎಲ್ಲೂ ಬಿರುಕಿಲ್ಲ.

1/xನ ತುಂಡುಗಳ ಈ ಸಮಾನತೆ ಹಳೆಯ ಶೋಧ. ಬೆಲ್ಜಿಯಂ ನಾಡಿನ ಜೆಸುಯಿಟ್ ಪಾದ್ರಿ ಸೇಂಟ್-ವಿನ್ಸೆಂಟ್‌ನ ಗ್ರೆಗೊರಿ 1647ರಲ್ಲಿ ಅಚ್ಚಾದ ತನ್ನ ದೊಡ್ಡ ಗ್ರಂಥದಲ್ಲಿ ಇದನ್ನು ತೋರಿಸಿದ್ದ. ಎರಡು ವರ್ಷಗಳ ನಂತರ ಅವನ ಶಿಷ್ಯ ಸರಾಸಾ ಆ ವಿಸ್ತೀರ್ಣ ಲಾಗರಿದಮ್‌ನಂತೆಯೇ ವರ್ತಿಸುತ್ತದೆ ಎಂದು ಗುರುತಿಸಿದ. 0.693 ಎಂಬುದು 2ರ ಸಹಜ ಲಾಗರಿದಮ್.

ಈ ಎರಡು ರೇಖೆಗಳ ನಡುವಿನ ವ್ಯತ್ಯಾಸ ಕಾಗದದ ಮೇಲಷ್ಟೇ ಇಲ್ಲ. ಭೂಮಿಯ ಗುರುತ್ವ ದೂರದ ವರ್ಗಕ್ಕೆ ವಿಲೋಮವಾಗಿ, ಅಂದರೆ 1/r²ನಂತೆ, ಕುಗ್ಗುತ್ತದೆ. ಒಂದು ಕಿಲೋ ತೂಕದ ವಸ್ತುವನ್ನು ನೆಲದಿಂದ ಮೇಲಕ್ಕೆ ಒಯ್ಯಲು ಬೇಕಾದ ಶಕ್ತಿ ಆ ಬಲದ ಅನುಕಲ. ಭೂಮಿಯ ತ್ರಿಜ್ಯ R ಸುಮಾರು 6,370 ಕಿಲೋಮೀಟರ್, ನೆಲದ ಮೇಲೆ ಗುರುತ್ವವೇಗೋತ್ಕರ್ಷ g ಸುಮಾರು 9.8. ಭೂಮಿಯ ಕೇಂದ್ರದಿಂದ b ದೂರಕ್ಕೆ ಒಯ್ಯಲು ಬೇಕಾದ ಶಕ್ತಿ gR(1 − R/b). ಇಲ್ಲಿ gR ಎಂದರೆ ಸುಮಾರು 6.24 ಕೋಟಿ ಜೂಲ್. 2R ದೂರಕ್ಕೆ ಅದರ ಅರ್ಧ ಸಾಕು, 3.12 ಕೋಟಿ. 10R ದೂರಕ್ಕೆ ಹತ್ತರಲ್ಲಿ ಒಂಬತ್ತು ಪಾಲು. ಚಂದ್ರನಿರುವಷ್ಟು ದೂರಕ್ಕೆ, ಅಂದರೆ ಸುಮಾರು 60R ತನಕ, 6.14 ಕೋಟಿ. ಅಲ್ಲಿಂದಾಚೆಗೆ ಎಷ್ಟೇ ದೂರ ಹೋದರೂ ಬೇಕಾಗುವುದು ಉಳಿದ ಹತ್ತು ಲಕ್ಷ ಜೂಲ್ ಮಾತ್ರ. ಮಿತಿ 6.24 ಕೋಟಿಯಲ್ಲಿ ನಿಲ್ಲುತ್ತದೆ. ಅಷ್ಟು ಚಲನಶಕ್ತಿಯನ್ನು ನೆಲದಲ್ಲೇ ಕೊಟ್ಟರೆ ವಸ್ತು ಮರಳಿ ಬೀಳುವುದಿಲ್ಲ. v²/2 = 6.24 ಕೋಟಿ ಎಂದು ಬಿಡಿಸಿದರೆ v ಸೆಕೆಂಡಿಗೆ ಸುಮಾರು 11.2 ಕಿಲೋಮೀಟರ್. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ವಿಮೋಚನಾ ವೇಗ ಇದೇ. ಗಾಳಿಯ ತಡೆಯನ್ನೂ ಸೂರ್ಯನ ಸೆಳೆತವನ್ನೂ ಇಲ್ಲಿ ಬಿಟ್ಟಿದೆ.

ಗುರುತ್ವ 1/r²ನ ಬದಲು 1/rನಂತೆ ಕುಗ್ಗುತ್ತಿದ್ದರೆ? ಆಗ ದೂರ ಇಮ್ಮಡಿಯಾದಾಗಲೆಲ್ಲ ಅಷ್ಟೇ ಶಕ್ತಿಯನ್ನು, ಸುಮಾರು 4.3 ಕೋಟಿ ಜೂಲ್, ಮತ್ತೆ ಮತ್ತೆ ತೆರಬೇಕಾಗುತ್ತಿತ್ತು. ಎಷ್ಟು ವೇಗವಾಗಿ ಎಸೆದರೂ ಕಲ್ಲು ಒಂದು ದಿನ ಹಿಂದಿರುಗುತ್ತಿತ್ತು. ವಿಮೋಚನಾ ವೇಗ ಎಂಬ ಮಾತೇ ಹುಟ್ಟುತ್ತಿರಲಿಲ್ಲ.

ಮಿತಿ ಇದೆಯೇ ಎಂಬುದನ್ನು ಸಂಖ್ಯೆಗಳ ಪಟ್ಟಿ ನೋಡಿ ತೀರ್ಮಾನಿಸುವುದು ಅಪಾಯ. ಕಂಪ್ಯೂಟರಿನಲ್ಲಿ b ಅನ್ನು ಹತ್ತು ಲಕ್ಷದವರೆಗೆ ಒಯ್ದು 1/xನ ಅನುಕಲ ತೆಗೆದರೆ 13.8 ಬರುತ್ತದೆ. ಅದೇ ಕೆಲಸವನ್ನು 1/x^1.01 ಎಂಬ ಫಲನಕ್ಕೆ ಮಾಡಿದರೆ 12.9. ಎರಡೂ ಆಮೆಯ ನಡಿಗೆಯಲ್ಲಿ ಬೆಳೆಯುತ್ತವೆ, ಎರಡೂ ಈಗಲೋ ಆಗಲೋ ನಿಲ್ಲುವಂತೆ ಕಾಣುತ್ತವೆ. ನಿಜದಲ್ಲಿ ಮೊದಲನೆಯದು ಎಂದೂ ನಿಲ್ಲುವುದಿಲ್ಲ, ಎರಡನೆಯದು 100ರಲ್ಲಿ ನಿಲ್ಲುತ್ತದೆ. ಹತ್ತು ಲಕ್ಷದವರೆಗೆ ಹೋದರೂ ಕೈಗೆ ಬಂದದ್ದು ಎಂಟನೇ ಒಂದು ಪಾಲು! ಘಾತ 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಇಮ್ಮಡಿಯಾಗುವ ತುಂಡುಗಳು ಒಂದೇ ಅನುಪಾತದಲ್ಲಿ ಕುಗ್ಗುತ್ತವೆ, ಮೊತ್ತಕ್ಕೆ ಮಿತಿ ಸಿಗುತ್ತದೆ. 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಿಗುವುದಿಲ್ಲ.

ಆದ್ದರಿಂದ ನೋಡಬೇಕಾದದ್ದು ಕೂಡಿದ ಭಾಗವನ್ನಲ್ಲ, ಕೂಡದೆ ಉಳಿದ ಬಾಲವನ್ನು. ಸಂಖ್ಯಾಶಾಸ್ತ್ರದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಗಂಟೆಯಾಕಾರದ ರೇಖೆಯ ಹಿಂದಿರುವ e^(−x²) ಇದಕ್ಕೆ ಒಳ್ಳೆಯ ನಿದರ್ಶನ. ಇದರ ಪ್ರತ್ಯವಕಲವನ್ನು ಪರಿಚಿತ ಫಲನಗಳಿಂದ ಬರೆಯಲು ಸಾಧ್ಯವೇ ಇಲ್ಲ. ಹಾಗಿದ್ದರೂ 3ರ ಆಚೆಗಿನ ಬಾಲವನ್ನು ಅಳತೆಯಲ್ಲಿ ಹಿಡಿಯಬಹುದು. xನ ಬೆಲೆ 3 ಅಥವಾ ಅದಕ್ಕೂ ಹೆಚ್ಚಾದಾಗ x² ಎಂಬುದು 3xಗಿಂತ ಕಡಿಮೆಯಿರದು. ಹಾಗಾಗಿ e^(−x²) ಎಂದೂ e^(−3x)ನ ಮೇಲೆ ಹೋಗದು. ಎರಡನೆಯದರ ಬಾಲವನ್ನು ಸುಲಭವಾಗಿ ಲೆಕ್ಕ ಹಾಕಬಹುದು: e^(−9)/3, ಸುಮಾರು 0.000041. ದೊಡ್ಡದರ ಬಾಲವೇ ಇಷ್ಟು ಚಿಕ್ಕದಾದರೆ ಅದರ ಕೆಳಗೆ ಅಡಗಿದ್ದರ ಬಾಲ ಇನ್ನೂ ಚಿಕ್ಕದು. ಈಗ 0ಯಿಂದ 3ರವರೆಗಿನ ಮಾಮೂಲಿ ಅನುಕಲವನ್ನು ಪಟ್ಟಿ ಸೀಳಿ ಲೆಕ್ಕ ಹಾಕಿದರೆ 0.886207 ಸಿಗುತ್ತದೆ. ಅನಂತದವರೆಗಿನ ನಿಜವಾದ ಬೆಲೆ √π/2, ಅಂದರೆ 0.886227. ವ್ಯತ್ಯಾಸ 0.00002, ಮೊದಲೇ ಹಾಕಿಟ್ಟ ಗೆರೆಯ ಒಳಗೇ ಇದೆ. ಅಭಿಸರಣ ಖಚಿತವಾದದ್ದು ಮಾತ್ರವಲ್ಲ, ಎಲ್ಲಿ ಕತ್ತರಿಸಿದರೆ ಎಷ್ಟು ತಪ್ಪು ಎಂಬುದೂ ತಿಳಿಯಿತು.

ಮಿತಿ ತಪ್ಪುವುದಕ್ಕೆ ಮೊತ್ತ ಬೆಟ್ಟದಂತೆ ಬೆಳೆಯಲೇಬೇಕೆಂದಿಲ್ಲ. 0ಯಿಂದ b ವರೆಗೆ cos xನ ಅನುಕಲ sin b; ಅದು 1 ಮತ್ತು −1ರ ನಡುವೆ ಉಯ್ಯಾಲೆಯಾಡುತ್ತಲೇ ಇರುತ್ತದೆ. ಎಂದೂ ದೊಡ್ಡದಾಗುವುದಿಲ್ಲ, ಎಲ್ಲೂ ನೆಲೆಸುವುದೂ ಇಲ್ಲ. ಇದೂ ಅಪಸರಣವೇ.

ಎರಡೂ ಬದಿಗೆ ಗಡಿಯಿಲ್ಲದಾಗ ಇನ್ನೊಂದು ಎಚ್ಚರ ಬೇಕು. −∞ಯಿಂದ ∞ವರೆಗಿನ ಅನುಕಲವನ್ನು ನಡುವೆ, ಸಾಮಾನ್ಯವಾಗಿ 0ಯಲ್ಲಿ, ಎರಡಾಗಿ ಒಡೆದು ಪ್ರತಿ ಅರ್ಧಕ್ಕೂ ಬೇರೆ ಬೇರೆ ಮಿತಿ ತೆಗೆಯಬೇಕು. ಎರಡೂ ಸಿಕ್ಕರೆ ಮಾತ್ರ ಕೂಡಬಹುದು. ವಿದ್ಯಾರ್ಥಿಗಳು ಆಗಾಗ ಎರಡು ಗಡಿಗಳನ್ನೂ ಒಟ್ಟಿಗೆ, −b ಮತ್ತು b ಎಂದು, ಸರಿಸಿಬಿಡುತ್ತಾರೆ. 2x/(1+x²) ಎಂಬ ಫಲನದಲ್ಲಿ ಹಾಗೆ ಮಾಡಿದರೆ ಎಡಗಡೆಯ ಋಣ ಭಾಗವೂ ಬಲಗಡೆಯ ಧನ ಭಾಗವೂ ಪರಸ್ಪರ ಅಳಿಸಿಕೊಂಡು ಉತ್ತರ ಸೊನ್ನೆ ಬರುತ್ತದೆ. ಬಲಗಡಿಯನ್ನು ಎಡಗಡಿಯ ಎರಡರಷ್ಟು ವೇಗದಲ್ಲಿ, −bಯಿಂದ 2bವರೆಗೆ, ಸರಿಸಿದರೆ ಉತ್ತರ 4ರ ಲಾಗರಿದಮ್, ಸುಮಾರು 1.386. ಗಡಿ ಸರಿಸುವ ಕೈಯ ಚುರುಕಿನ ಮೇಲೆ ಉತ್ತರ ನಿಂತಿದ್ದರೆ ಅದನ್ನು ಆ ಫಲನದ ಅನುಕಲ ಎನ್ನಲಾಗದು. ಬಲ ಅರ್ಧವನ್ನು ಒಂಟಿಯಾಗಿ ನೋಡಿದರೆ ಗುಟ್ಟು ಬಯಲಾಗುತ್ತದೆ: 0ಯಿಂದ b ವರೆಗಿನ ಬೆಲೆ 1+b²ನ ಲಾಗರಿದಮ್, ಅದಕ್ಕೆ ಮಿತಿಯಿಲ್ಲ. ಅನುಕಲ ಅಪಸರಿಸುತ್ತದೆ. ಸಮವಾಗಿ ಸರಿಸಿದಾಗ ಬಂದ ಸೊನ್ನೆಗೆ ಬೇರೆಯದೇ ಹೆಸರಿದೆ, ಕೋಶಿಯ ಪ್ರಧಾನ ಬೆಲೆ. ಭೌತಶಾಸ್ತ್ರದಲ್ಲಿ ಅದಕ್ಕೆ ತನ್ನದೇ ಉಪಯೋಗವಿದೆ, ಆದರೆ ಅಲ್ಲೂ ಅದನ್ನು ಆ ಹೆಸರಿನಿಂದಲೇ ಕರೆಯುತ್ತಾರೆ, ಅನುಕಲವೆಂದಲ್ಲ.