ಬಿಲ್ಲು ಸರಿಯಿದೆ, ಯಂತ್ರ ಎಲ್ಲಿ?

ವೌಚಿಂಗಿಗೂ ವೆರಿಫಿಕೇಶನ್ನಿಗೂ ಇರುವ ವ್ಯತ್ಯಾಸ ಬರೆಯಿರಿ ಎಂದರೆ ವಿದ್ಯಾರ್ಥಿಗಳು ಮಧ್ಯೆ ಒಂದು ಗೆರೆ ಎಳೆದು ಎರಡು ಕಾಲಂ ತುಂಬಿಸುತ್ತಾರೆ. ವೌಚಿಂಗ್ ವರ್ಷವಿಡೀ ನಡೆಯುತ್ತದೆ, ವೆರಿಫಿಕೇಶನ್ ವರ್ಷದ ಕೊನೆಗೆ. ಅದನ್ನು ಕಿರಿಯರು ಮಾಡುತ್ತಾರೆ, ಇದನ್ನು ಹಿರಿಯರು. ತಪ್ಪೇನಲ್ಲ. ಆದರೆ ಇಷ್ಟನ್ನೇ ಬರೆದವರಿಗೆ ಒಂದು ಪ್ರಶ್ನೆ ಹಾಕಿ ನೋಡಿ: ಎಲ್ಲ ವೋಚರ್‌ಗಳೂ ಸರಿಯಿದ್ದ ಮೇಲೆ ವೆರಿಫಿಕೇಶನ್ ಯಾಕೆ ಬೇಕು? ಬಹಳ ಜನ ಅಲ್ಲೇ ತಡವರಿಸುತ್ತಾರೆ.

ಪೀಣ್ಯದಲ್ಲಿ ಒಂದು ಸಣ್ಣ ಎಂಜಿನಿಯರಿಂಗ್ ಕಂಪನಿ ಇದೆ ಎಂದುಕೊಳ್ಳಿ. ಜೂನ್‌ನಲ್ಲಿ ಅದು ಒಂದು ಲೇತ್ ಕೊಂಡಿದೆ. ಬೆಲೆ 24 ಲಕ್ಷ ರೂಪಾಯಿ, ಸಾಗಣೆ 40 ಸಾವಿರ, ತಳಪಾಯ ಹಾಕಿ ಕೂರಿಸಿದ ಖರ್ಚು 60 ಸಾವಿರ. ಲೆಡ್ಜರಿನಲ್ಲಿ ಯಂತ್ರದ ಖಾತೆಗೆ 25 ಲಕ್ಷ ಬಿದ್ದಿದೆ. ವೌಚಿಂಗ್ ಮಾಡುವವನು ಆ ಒಂದು ಸಾಲನ್ನು ಹಿಡಿದು ಹಿಂದಕ್ಕೆ, ಕಾಗದಗಳ ಕಡೆಗೆ ನಡೆಯುತ್ತಾನೆ. ಬಿಲ್ಲು ಕಂಪನಿಯ ಹೆಸರಿಗಿದೆಯೋ, ಮಾಲೀಕರ ಸ್ವಂತ ಹೆಸರಿಗಿದೆಯೋ? ಖರೀದಿಗೆ ಮಂಜೂರಾತಿ ಕೊಟ್ಟವರಿಗೆ ಆ ಅಧಿಕಾರ ಇತ್ತೇ? ಬ್ಯಾಂಕಿನಿಂದ ಹೋದ ಹಣ ಬಿಲ್ಲು ಕೊಟ್ಟವನಿಗೇ ಸೇರಿದೆಯೇ? ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆದ ಮೇಲೆ ಅದನ್ನೂ ಯಂತ್ರದ ಬೆಲೆಗೆ ಸೇರಿಸಿಲ್ಲ ತಾನೆ? ಕೂರಿಸಿದ ಖರ್ಚನ್ನು ರಿಪೇರಿ ಖಾತೆಗೆ ಬರೆಯದೆ ಯಂತ್ರದ ಬೆಲೆಗೆ ಸೇರಿಸಿದ್ದು ಸರಿಯೇ? ಎಲ್ಲಕ್ಕೂ ಸರಿಯಾದ ಉತ್ತರ ಸಿಕ್ಕಿತು. ಜೂನ್‌ನಲ್ಲಿ ಬರೆದ ನಮೂದು ನಿಜ ಎನ್ನಲು ಅಡ್ಡಿಯಿಲ್ಲ.

ಆದರೆ ಅಢಾವೆ ಪತ್ರಿಕೆ ಹೇಳುವುದು ಜೂನ್ ತಿಂಗಳ ಮಾತಲ್ಲ. ಮಾರ್ಚ್ 31ರ ಸಂಜೆ ಈ ಯಂತ್ರ ನಮ್ಮದಾಗಿತ್ತು, ಅದರ ಬೆಲೆ ಇಷ್ಟು ಎಂದು ಅದು ಹೇಳುತ್ತದೆ. ಜನವರಿಯಲ್ಲಿ ಅದೇ ಲೇತನ್ನು ಮಾರಿ, ಹಣವನ್ನು ಪುಸ್ತಕಕ್ಕೆ ತರದೇ ಇದ್ದಿದ್ದರೆ? ಜೂನ್ ತಿಂಗಳ ಬಿಲ್ಲಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಅದನ್ನು ನೂರು ಸಲ ನೋಡಿದರೂ ಕಳ್ಳತನ ಕಾಣುವುದಿಲ್ಲ. ಅದಕ್ಕೇ ವೆರಿಫಿಕೇಶನ್ ಮಾಡುವವನು ಕಾಗದ ಬಿಟ್ಟು ಶಾಪ್ ಫ್ಲೋರಿಗೆ ಇಳಿಯುತ್ತಾನೆ. ಯಂತ್ರದ ಪ್ಲೇಟಿನ ಮೇಲಿರುವ ಸೀರಿಯಲ್ ನಂಬರನ್ನು ಬಿಲ್ಲಿಗೂ ಆಸ್ತಿ ರಿಜಿಸ್ಟರಿಗೂ ತಾಳೆ ಹಾಕುತ್ತಾನೆ. ಕಣ್ಣೆದುರು ಯಂತ್ರ ಇದೆ ಎಂದ ಮಾತ್ರಕ್ಕೆ ಅದು ಕಂಪನಿಯದು ಎಂದಾಗುವುದಿಲ್ಲ. ಬಾಡಿಗೆಗೆ ತಂದಿರಬಹುದು, ಪಕ್ಕದ ಘಟಕದಿಂದ ಆ ದಿನಕ್ಕೆಂದೇ ಎಳೆದು ತಂದಿರಬಹುದು. ಸಾಲಕ್ಕೆ ಒತ್ತೆಯಾಗಿದೆಯೇ, ಆಗಿದ್ದರೆ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಅದನ್ನು ಹೇಳಿದ್ದಾರೆಯೇ, ಸವಕಳಿ ಕಳೆದ ಮೇಲೆ ಉಳಿದ ಬೆಲೆ ಸರಿಯೇ, ಯಂತ್ರ ಕೆಟ್ಟು ಮೂಲೆ ಸೇರಿದೆಯೇ ಎಂಬುದನ್ನೆಲ್ಲ ನೋಡುತ್ತಾನೆ. ಬೆಲೆ ಕಟ್ಟುವುದು ಮಾತ್ರ ಅವನ ಕೆಲಸವಲ್ಲ, ಅದು ಕಂಪನಿಯವರದು. ಅವರು ಕಟ್ಟಿದ ಬೆಲೆ ನಿಲ್ಲುತ್ತದೆಯೇ ಎಂದು ನೋಡುವುದಷ್ಟೇ ಅವನ ಪಾಲು. ಉತ್ತರಪತ್ರಿಕೆಗಳಲ್ಲಿ ಈ ಎರಡನ್ನು ಬೆರೆಸಿ ಬರೆದು ಅಂಕ ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಇನ್ನೊಂದು ವಿಷಯ ಸುಲಭವಾಗಿ ಮರೆತುಹೋಗುತ್ತದೆ. ಹತ್ತು ವರ್ಷದ ಹಿಂದೆ ಕೊಂಡ ಜಾಗ ಅಢಾವೆಯಲ್ಲಿದೆ, ಆದರೆ ಈ ವರ್ಷ ಅದರ ಬಗ್ಗೆ ಒಂದೂ ವೋಚರ್ ಇಲ್ಲ. ಈ ವರ್ಷದ ವೌಚಿಂಗ್ ಅದನ್ನು ಮುಟ್ಟುವುದೇ ಇಲ್ಲ. ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂದು ತೆಗೆದು ನೋಡದ ಹೊರತು ಆ ಸಾಲು ಹಳೆಯ ನಂಬಿಕೆಯ ಮೇಲೇ ವರ್ಷದಿಂದ ವರ್ಷಕ್ಕೆ ಸಾಗುತ್ತದೆ. ಕಾರೋ 2020 ಅನ್ವಯಿಸುವ ಕಂಪನಿಗಳಲ್ಲಿ, ಸ್ಥಿರಾಸ್ತಿಯ ಹಕ್ಕುಪತ್ರ ಕಂಪನಿಯ ಹೆಸರಿನಲ್ಲಿ ಇಲ್ಲದಿದ್ದರೆ ಆಡಿಟರು ಅದನ್ನು ವರದಿಯಲ್ಲಿ ವಿವರವಾಗಿ ಹೇಳಬೇಕು.

ಕಣ್ಣಿಗೆ ಕಾಣದ ಆಸ್ತಿಯ ಗತಿ ಏನು? ಬ್ಯಾಂಕ್ ಠೇವಣಿಯನ್ನು ಹೋಗಿ ಮುಟ್ಟಿ ನೋಡಲಾಗುವುದಿಲ್ಲ. ಇಲ್ಲಿ ಸತ್ಯಂ ಕಂಪ್ಯೂಟರ್ಸ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. 2009ರ ಜನವರಿ 7ರಂದು ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಪತ್ರ ಬರೆದು, 2008ರ ಸೆಪ್ಟೆಂಬರ್ 30ರ ಅಢಾವೆಯಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಕಾಗದಕ್ಕೇನೂ ಅಲ್ಲಿ ಕೊರತೆ ಇರಲಿಲ್ಲ. ಸುಳ್ಳು ಇನ್‌ವಾಯ್ಸ್ ಇದ್ದವು, ನಕಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದವು. ವೌಚಿಂಗ್ ಮಾಡಿದವನಿಗೆ ಪ್ರತಿ ನಮೂದಿಗೂ ಒಂದು ಪುರಾವೆ ಸಿಗುತ್ತಿತ್ತು.

ಇಂಥದ್ದನ್ನು ಹಿಡಿಯಲೆಂದೇ ಇರುವುದು ಬ್ಯಾಂಕಿನಿಂದ ನೇರವಾಗಿ ತರಿಸಿಕೊಳ್ಳುವ ಶಿಲ್ಕು ದೃಢೀಕರಣ. ನಮ್ಮ ಆಡಿಟ್ ಮಾನದಂಡ ಎಸ್‌ಎ 505 ಇದರ ಮೇಲೇ ಇದೆ. ಪತ್ರವನ್ನು ಆಡಿಟರೇ ಕಳಿಸಬೇಕು, ಉತ್ತರ ಆಡಿಟರಿಗೇ ಬರಬೇಕು. ನಡುವೆ ಕಂಪನಿಯವರ ಕೈ ಬರಬಾರದು. ಸತ್ಯಂ ಆಡಿಟ್ ಎಡವಿದ್ದು ಇಲ್ಲೇ. 2011ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯು ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳ ಮೇಲೆ ಹೊರಿಸಿದ ಮುಖ್ಯ ಆರೋಪವೂ ಬ್ಯಾಂಕ್ ದೃಢೀಕರಣ ಪತ್ರಗಳ ಮೇಲೆ ಹಿಡಿತ ಇಟ್ಟುಕೊಂಡಿರಲಿಲ್ಲ ಎಂಬುದೇ. ಆ ಸಂಸ್ಥೆಗಳು 60 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು. ಪತ್ರವನ್ನು ಕಂಪನಿಯ ಅಕೌಂಟ್ಸ್ ವಿಭಾಗದ ಕೈಗೆ ಕೊಟ್ಟು ‘ಕಳಿಸಿಬಿಡಿ’ ಎಂದ ಗಳಿಗೆಯಲ್ಲೇ ವೆರಿಫಿಕೇಶನ್ ಮತ್ತೆ ವೌಚಿಂಗ್ ಆಗಿಬಿಡುತ್ತದೆ. ಕಂಪನಿ ಕೊಟ್ಟ ಕಾಗದವನ್ನು ಕಂಪನಿಯದೇ ಪುಸ್ತಕದ ಜೊತೆ ಹೋಲಿಸಿದಂತೆ.

ಅದೇ ಪತ್ರದಲ್ಲಿ ಜನ ಅಷ್ಟಾಗಿ ಗಮನಿಸದ ಇನ್ನೊಂದು ಸಾಲಿತ್ತು: 1,230 ಕೋಟಿಯ ಹೊಣೆಗಾರಿಕೆಯನ್ನು ಪುಸ್ತಕದಲ್ಲಿ ತೋರಿಸಿಯೇ ಇಲ್ಲ ಎಂದು. ಆಸ್ತಿಯಲ್ಲಿ ಇಲ್ಲದ್ದನ್ನು ಇದೆ ಎನ್ನುತ್ತಾರೆ. ಸಾಲದಲ್ಲಿ ಇರುವುದನ್ನು ಇಲ್ಲ ಎನ್ನುತ್ತಾರೆ. ವೌಚಿಂಗ್ ಶುರುವಾಗುವುದು ಬರೆದ ನಮೂದಿನಿಂದ. ಬರೆಯದೇ ಬಿಟ್ಟದ್ದನ್ನು ಅದು ಹಿಡಿಯುವ ಬಗೆ ಹೇಗೆ? ಹೊಣೆಗಾರಿಕೆಯ ವೆರಿಫಿಕೇಶನ್ ಹೆಚ್ಚು ಕಷ್ಟ ಎನ್ನುವುದು ಇದಕ್ಕೇ.

ಪೀಣ್ಯದ ಕಂಪನಿಗೇ ಬರೋಣ. ಮಾರ್ಚ್ 28ರಂದು ಜಿಎಸ್‌ಟಿ ಬಿಟ್ಟು 7 ಲಕ್ಷ ರೂಪಾಯಿಯ ಉಕ್ಕಿನ ಸರಳು ಬಂದು ಗೋಡೌನ್ ಸೇರಿದೆ. ಬಿಲ್ಲು ಬಂದದ್ದು ಏಪ್ರಿಲ್ 6ಕ್ಕೆ, ಬರೆದದ್ದು ಏಪ್ರಿಲ್ ಲೆಕ್ಕದಲ್ಲಿ. ಮಾರ್ಚ್ 31ರ ದಾಸ್ತಾನು ಎಣಿಕೆಯಲ್ಲಿ ಮಾತ್ರ ಸರಳು ಸೇರಿಕೊಂಡಿದೆ. ಸರಕು ಇದೆ, ಖರೀದಿ ಇಲ್ಲ, ಸಾಲ ಇಲ್ಲ. ಸಾಲ 7 ಲಕ್ಷ ಕಡಿಮೆ ಕಾಣುತ್ತದೆ, ತೆರಿಗೆಗೆ ಮುಂಚಿನ ಲಾಭ ಅಷ್ಟೇ ಹೆಚ್ಚು ಕಾಣುತ್ತದೆ. ಮಾರ್ಚ್ ತಿಂಗಳ ಎಲ್ಲ ವೋಚರ್ ನೋಡಿದರೂ ಇದು ಸಿಗದು, ಏಕೆಂದರೆ ಅಲ್ಲಿ ನೋಡಲು ಆ ವೋಚರೇ ಇಲ್ಲ.

ಇಲ್ಲಿ ದಾರಿ ತಿರುಗಿಸಬೇಕು. ಪುಸ್ತಕದಿಂದ ಕಾಗದಕ್ಕೆ ಹೋಗುವ ಬದಲು ಗೋಡೌನಿನ ಸರಕು ಸ್ವೀಕೃತಿ ಚೀಟಿಗಳಿಂದ ಪುಸ್ತಕಕ್ಕೆ ಬರಬೇಕು. ಮಾರ್ಚ್ ಕೊನೆಯ ವಾರದ ಪ್ರತಿ ಚೀಟಿಗೂ ಮಾರ್ಚ್ ಲೆಕ್ಕದಲ್ಲಿ ಖರೀದಿ ಇದೆಯೇ ಎಂದು ನೋಡಿದರೆ 28ನೇ ತಾರೀಖಿನ ಚೀಟಿ ಒಂಟಿಯಾಗಿ ಸಿಕ್ಕಿಬೀಳುತ್ತದೆ. ಏಪ್ರಿಲ್, ಮೇ ತಿಂಗಳ ದೊಡ್ಡ ಪಾವತಿಗಳನ್ನು ಹಿಡಿದು, ಈ ಹಣ ಯಾವ ತಿಂಗಳ ಸರಕಿಗೆ ಎಂದು ಕೇಳುತ್ತ ಹಿಂದಕ್ಕೆ ಹೋದರೂ ಇದೇ ಜಾಗಕ್ಕೆ ಬಂದು ನಿಲ್ಲುತ್ತೇವೆ.

ಸರಬರಾಜುದಾರರಿಗೆ ದೃಢೀಕರಣ ಪತ್ರ ಬರೆಯುವಾಗಲೂ ಒಂದು ಎಚ್ಚರ ಬೇಕು. ಗ್ರಾಹಕರ ಬಾಕಿಗಾದರೆ ದೊಡ್ಡ ಮೊತ್ತ ಇರುವವರನ್ನು ಆರಿಸುವುದು ಸರಿ, ಏಕೆಂದರೆ ಅಲ್ಲಿ ಭಯ ಇರುವುದು ಉಬ್ಬಿಸಿದ ಅಂಕಿಯದು. ಸಾಲಿಗರ ಪಟ್ಟಿಯಲ್ಲಿ ಹಾಗೆ ಮಾಡಿದರೆ ಈಗಾಗಲೇ ಬರೆದಿರುವ ಸಾಲವನ್ನೇ ಮತ್ತೆ ನೋಡಿದಂತಾಗುತ್ತದೆ. ವರ್ಷವಿಡೀ ಯಾರಿಂದ ಹೆಚ್ಚು ಖರೀದಿಯಾಗಿದೆಯೋ ಅವರಿಗೆ ಬರೆಯಬೇಕು, ಲೆಡ್ಜರಿನಲ್ಲಿ ಅವರ ಬಾಕಿ ಸೊನ್ನೆ ಎಂದಿದ್ದರೂ. ಆ ಪತ್ರದಲ್ಲಿ ನಮ್ಮ ಅಂಕಿಯನ್ನು ನಾವೇ ನಮೂದಿಸಿ ‘ಸರಿಯೇ’ ಎಂದು ಕೇಳುವುದಕ್ಕಿಂತ, ಬಾಕಿ ಎಷ್ಟಿದೆ ಎಂದು ಅವರೇ ತುಂಬುವಂತೆ ಜಾಗ ಖಾಲಿ ಬಿಡುವುದು ಮೇಲು.