ಲಾರಿ ಬದಲಾದರೆ ಇ-ವೇ ಬಿಲ್ ಕೂಡ ಬದಲಾಗಬೇಕು

ತೆರಿಗೆ ಸೇರಿ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ರಾಜ್ಯದ ಗಡಿ ದಾಟಬೇಕಾದರೆ ಇ-ವೇ ಬಿಲ್ ಬೇಕು. ಅಂತರರಾಜ್ಯ ಸಾಗಣೆಗೆ ಇದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರಕಿನ ಬೆಲೆ 45,000 ರೂಪಾಯಿ ತಾನೇ ಎಂದು ಬಿಲ್ ಇಲ್ಲದೆ ಲೋಡ್ ಕಳುಹಿಸುವವರಿದ್ದಾರೆ. ಶೇ 18 ತೆರಿಗೆ ಸೇರಿದರೆ ಅದು 53,100 ಆಗುತ್ತದೆ, ಬಿಲ್ ಬೇಕೇ ಬೇಕು.

ಈ ಬಿಲ್ಲಿಗೆ ಎರಡು ಭಾಗ. ಎ ಭಾಗದಲ್ಲಿ ಕಳುಹಿಸುವವರು, ಪಡೆಯುವವರು, ಇನ್‌ವಾಯ್ಸ್ ಮತ್ತು ಸರಕಿನ ವಿವರ ಇರುತ್ತದೆ. ಬಿ ಭಾಗದಲ್ಲಿ ಇರುವುದು ವಾಹನದ ಸಂಖ್ಯೆ. ಎ ಭಾಗವನ್ನು ಸಾಮಾನ್ಯವಾಗಿ ವ್ಯಾಪಾರಿಯೇ ತುಂಬುತ್ತಾನೆ. ಸಾಗಣೆದಾರರು ಎಡವುವುದು ಹೆಚ್ಚಾಗಿ ಬಿ ಭಾಗದಲ್ಲಿ, ಅದೂ ಲಾರಿ ಊರು ಬಿಟ್ಟ ಮೇಲೆ.

ಬೆಂಗಳೂರಿನಿಂದ ಹೈದರಾಬಾದಿಗೆ 4 ಲಕ್ಷ ರೂಪಾಯಿಯ ಫ್ಯಾನುಗಳು ಹೊರಟಿವೆ ಎನ್ನೋಣ. ದೂರ ಸುಮಾರು 570 ಕಿ.ಮೀ. ಪ್ರತಿ 200 ಕಿ.ಮೀ.ಗೆ, ಉಳಿದ ತುಂಡು ದೂರಕ್ಕೂ, ಒಂದು ದಿನದ ಲೆಕ್ಕ. ಹಾಗಾಗಿ ಸಿಗುವುದು ಮೂರು ದಿನ. ಸೋಮವಾರ ಸಂಜೆ ಬಿ ಭಾಗ ತುಂಬಿದರೆ ಮೊದಲ ದಿನ ಮುಗಿಯುವುದು ಮಂಗಳವಾರ ಮಧ್ಯರಾತ್ರಿಗೆ, ಬಿಲ್ಲಿನ ಅವಧಿ ಮುಗಿಯುವುದು ಗುರುವಾರ ಮಧ್ಯರಾತ್ರಿಗೆ.

ಕರ್ನೂಲಿನ ಹತ್ತಿರ ಲಾರಿ ಕೆಟ್ಟು ನಿಂತಿತು. ಮಾಲನ್ನು ಇನ್ನೊಂದು ಲಾರಿಗೆ ಏರಿಸಿ, ಹಳೆಯ ಬಿಲ್ಲನ್ನೇ ಹೊಸ ಚಾಲಕನ ಕೈಗಿಟ್ಟರು. ತಪ್ಪಾದದ್ದು ಇಲ್ಲಿಯೇ. ಹೊಸ ಬಿಲ್ ಮಾಡಬೇಕಿರಲಿಲ್ಲ, ಹೊರಡುವ ಮೊದಲು ಅದೇ ಬಿಲ್ಲಿನ ಬಿ ಭಾಗದಲ್ಲಿ ಹೊಸ ಲಾರಿಯ ಸಂಖ್ಯೆ ಹಾಕಿದ್ದರೆ ಸಾಕಿತ್ತು. ತಪಾಸಣೆಯಲ್ಲಿ ಬಿಲ್ಲಿನ ಸಂಖ್ಯೆಗೂ ಲಾರಿಯ ನಂಬರ್ ಪ್ಲೇಟಿಗೂ ತಾಳೆಯಾಗದಿದ್ದರೆ ಮಾಲು, ಲಾರಿ ಎರಡನ್ನೂ ತಡೆಹಿಡಿಯಬಹುದು. ಸರಕಿನ ಮಾಲೀಕ ಮುಂದೆ ಬಂದು ಬಿಡಿಸಿಕೊಂಡರೂ ದಂಡ ತೆರಿಗೆಯ ಎರಡರಷ್ಟು. ಇಲ್ಲಿ ತೆರಿಗೆ 72,000 ರೂಪಾಯಿ, ದಂಡ 1,44,000.

ಇದೇ ದಂಡ ಬೆರಳಚ್ಚಿನ ಪ್ರತಿ ತಪ್ಪಿಗೂ ಬೀಳುವುದಿಲ್ಲ. ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿ ಅದಲುಬದಲಾಗಿದ್ದರೆ, ಹೆಸರಿನ ಕಾಗುಣಿತ ತಪ್ಪಿದ್ದರೆ, ಉಳಿದ ದಾಖಲೆಗಳೆಲ್ಲ ಸರಿಯಿದ್ದರೆ, ಅದನ್ನು ಸಣ್ಣ ಲೋಪವೆಂದು ಪರಿಗಣಿಸಿ ಒಟ್ಟು 1,000 ರೂಪಾಯಿ ದಂಡ ಹಾಕಬೇಕೆಂದು 2018ರ ಸೆಪ್ಟೆಂಬರ್‌ನ ಕೇಂದ್ರದ ಸುತ್ತೋಲೆ ಹೇಳುತ್ತದೆ. ಬೇರೆಯದೇ ಲಾರಿ ಈ ರಿಯಾಯಿತಿಯೊಳಗೆ ಬರುವುದಿಲ್ಲ.

ರಿಪೇರಿಗೇ ಎರಡು ದಿನ ಹಿಡಿದರೆ ಅವಧಿಯ ತೊಡಕು ಶುರು. ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ, ಮುಗಿದ ಎಂಟು ಗಂಟೆಯವರೆಗೆ ಮಾತ್ರ ವಿಸ್ತರಣೆ ಸಾಧ್ಯ. ಮೇಲಿನ ಉದಾಹರಣೆಯಲ್ಲಿ ಅದು ಗುರುವಾರ ಸಂಜೆ 4ರಿಂದ ಶುಕ್ರವಾರ ಬೆಳಿಗ್ಗೆ 8. ಆಗ ಲಾರಿ ಇರುವ ಜಾಗ, ಉಳಿದ ದೂರ, ತಡವಾದ ಕಾರಣ ಇಷ್ಟನ್ನು ನಮೂದಿಸಬೇಕು. ಕಚೇರಿ ತೆರೆದ ಮೇಲೆ ನೋಡೋಣ ಎಂದು ಗುಮಾಸ್ತ ಹತ್ತು ಗಂಟೆಗೆ ಕಂಪ್ಯೂಟರ್ ಮುಂದೆ ಕೂತರೆ ಆ ಅವಕಾಶ ಆಗಲೇ ಕೈತಪ್ಪಿರುತ್ತದೆ.