ಒಂದು ಕಂಪನದೊಳಗೆ ಎಷ್ಟು ಕಂಪನಗಳು?

ಕಾಲದೊಡನೆ ಏರಿಳಿಯುವ ಒಂದು ಸಂಕೇತದಲ್ಲಿ ಯಾವ ಯಾವ ಆವೃತ್ತಿಯ ಶುದ್ಧ ಸೈನ್ ಅಲೆಗಳು ಎಷ್ಟೆಷ್ಟು ಬೆರೆತಿವೆ ಎಂದು ಬಿಡಿಸಿ ಹೇಳುವ ಲೆಕ್ಕವೇ ಫೂರಿಯೆ ಪರಿವರ್ತನೆ. ಫ್ರಾನ್ಸಿನ ಜೋಸೆಫ್ ಫೂರಿಯೆ ಘನವಸ್ತುಗಳಲ್ಲಿ ಶಾಖ ಹರಿಯುವ ಬಗೆಯನ್ನು ಲೆಕ್ಕ ಹಾಕಲು ಹೊರಟು ಈ ದಾರಿ ಹಿಡಿದರು. ಅವರ ಗ್ರಂಥ 1822ರಲ್ಲಿ ಹೊರಬಂತು. ಮೆಕ್ಯಾನಿಕಲ್ ವಿದ್ಯಾರ್ಥಿಗೆ ಈ ಲೆಕ್ಕ ಹೆಚ್ಚಾಗಿ ಎದುರಾಗುವುದು ತಿರುಗುವ ಯಂತ್ರಗಳ ಕಂಪನದಲ್ಲಿ.

ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುವ ಒಂದು ಮೋಟಾರನ್ನು ತೆಗೆದುಕೊಳ್ಳಬಹುದು. ಅದರ ಬೇರಿಂಗ್ ಕವಚದ ಮೇಲೆ ಆಕ್ಸಿಲರೋಮೀಟರ್ ಕೂರಿಸಿದರೆ ಪರದೆಯ ಮೇಲೆ ಅಂಕುಡೊಂಕಾದ ಒಂದೇ ಗೆರೆ ಕಾಣುತ್ತದೆ. ಶಾಫ್ಟಿನ ತೂಕ ಒಂದು ಬದಿಗೆ ಹೆಚ್ಚಿದ್ದರೆ ಅದು ಪ್ರತಿ ಸುತ್ತಿಗೆ ಒಮ್ಮೆ, ಅಂದರೆ 24 ಹರ್ಟ್ಸ್‌ನಲ್ಲಿ, ನೂಕುತ್ತದೆ. ಬೇರಿಂಗಿನ ಹೊರ ರೇಸ್ ಒಂದೆಡೆ ಚಕ್ಕೆ ಎದ್ದಿದ್ದರೆ ಪ್ರತಿ ಗುಂಡು ಅದರ ಮೇಲೆ ಹಾಯುವಾಗಲೂ ಒಂದು ಹೊಡೆತ ಬೀಳುತ್ತದೆ. ಒಂಬತ್ತು ಗುಂಡುಗಳ 6205 ಬೇರಿಂಗಿನಲ್ಲಿ ಶಾಫ್ಟಿನ ಪ್ರತಿ ಸುತ್ತಿಗೆ ಇಂಥ ಸುಮಾರು 3.58 ಹೊಡೆತ; 24ರಿಂದ ಗುಣಿಸಿದರೆ ಸುಮಾರು 86 ಹರ್ಟ್ಸ್. ಎರಡೂ ಕೂಡಿದ ಗೆರೆಯನ್ನು ಸರಳಗೊಳಿಸಿ ಹೀಗೆ ಬರೆಯೋಣ:

x(t) = 2 cos(2π·24t) + 0.5 cos(2π·86t)

ಇದನ್ನು ಬಿಡಿಸುವ ಉಪಾಯದಲ್ಲಿ ಗೂಢವೇನೂ ಇಲ್ಲ. ಯಾವ ಆವೃತ್ತಿ ಇದೆಯೋ ಇಲ್ಲವೋ ಎಂದು ನೋಡಬೇಕೋ, ಅದರ ಕೊಸೈನ್ ಅಲೆಯಿಂದ ಇಡೀ ಸಂಕೇತವನ್ನು ಗುಣಿಸಿ ಸರಾಸರಿ ತೆಗೆಯುವುದು, ಅಷ್ಟೇ. 24 ಹರ್ಟ್ಸ್ ಅಲೆಯಿಂದ ಗುಣಿಸಿದಾಗ ಮೊದಲ ಪದ 2 cos² ಆಗುತ್ತದೆ. ವರ್ಗ ಎಂದೂ ಸೊನ್ನೆಗಿಂತ ಕೆಳಗಿಳಿಯದು. ಹಾಗಾಗಿ ಆ ಪದದ ಸರಾಸರಿ 1. ಎರಡನೆಯ ಪದವಾದರೋ ಕೆಲವೊಮ್ಮೆ ಧನ, ಕೆಲವೊಮ್ಮೆ ಋಣವಾಗುತ್ತಾ ಒಂದು ಸೆಕೆಂಡಿನಲ್ಲಿ ಪೂರ್ತಿ ಅಳಿದುಹೋಗುತ್ತದೆ. ಉಳಿದ 1ನ್ನು ಇಮ್ಮಡಿಸಿದರೆ ಮೂಲ ಎತ್ತರ 2 ಸಿಗುತ್ತದೆ. 86ರಲ್ಲಿ ಇದೇ ಕ್ರಮ 0.5 ಕೊಡುತ್ತದೆ, 50ರಲ್ಲಿ ಸೊನ್ನೆ. ಅಲೆ ಎಲ್ಲಿಂದ ಶುರುವಾಗಿದೆಯೋ ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಸೈನ್‌ನಿಂದಲೂ ಒಮ್ಮೆ ಗುಣಿಸಬೇಕು. ಎರಡು ಉತ್ತರಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಎತ್ತರ, ಅವುಗಳ ಅನುಪಾತದಿಂದ ಹಂತ. 1965ರಲ್ಲಿ ಕೂಲಿ ಮತ್ತು ಟುಕಿ ಪ್ರಕಟಿಸಿದ ಎಫ್‌ಎಫ್‌ಟಿ ಮಾಡುವುದೂ ಇದನ್ನೇ. ಮತ್ತೆ ಮತ್ತೆ ಬರುವ ಗುಣಾಕಾರಗಳನ್ನು ಉಳಿಸಿ, ಬೇಗ ಮಾಡುತ್ತದೆ.

86 ಎಂಬುದು 24ರ ಪೂರ್ಣ ಗುಣಕವಲ್ಲ. ಶಾಫ್ಟಿಗೆ ಸಂಬಂಧಿಸಿದ ದೋಷಗಳು ಸಾಮಾನ್ಯವಾಗಿ 24, 48, 72ರಲ್ಲಿ ತಲೆ ಎತ್ತುತ್ತವೆ. ಈ ಸಾಲಿಗೆ ಸೇರದ ಶಿಖರ ಕಂಡಾಗ ಬೇರಿಂಗಿನ ಮೇಲೆ ಅನುಮಾನ ಹೋಗಬೇಕು; 172, 258ರಲ್ಲೂ ಶಿಖರಗಳಿದ್ದರೆ ಅನುಮಾನ ಬಲಗೊಳ್ಳುತ್ತದೆ. ಗುಂಡುಗಳು ಸ್ವಲ್ಪ ಜಾರುವುದರಿಂದ ಅಳತೆ 86ರಿಂದ ತುಸು ಆಚೀಚೆ ಆಗಬಹುದು.

ಎಷ್ಟು ಹೊತ್ತು ದಾಖಲಿಸಬೇಕು ಎಂಬುದನ್ನು ಹಲವರು ಕಡೆಗಣಿಸುತ್ತಾರೆ. T ಸೆಕೆಂಡು ದಾಖಲಿಸಿದರೆ ಆವೃತ್ತಿಯ ಮನೆಗಳು 1/T ಹರ್ಟ್ಸ್ ಅಂತರದಲ್ಲಿ ಬರುತ್ತವೆ. ನಿಮಿಷಕ್ಕೆ 2980 ಸುತ್ತಿನ ಮೋಟಾರಿನಲ್ಲಿ ಜೋಡಣೆ ಓರೆಯಾದರೆ ಸುತ್ತಿನ ಇಮ್ಮಡಿಯಲ್ಲಿ, ಅಂದರೆ 99.33 ಹರ್ಟ್ಸ್‌ನಲ್ಲಿ, ಕಂಪನ ಏಳುತ್ತದೆ. ವಿದ್ಯುತ್ ದೋಷದ ಕಂಪನ 100ರಲ್ಲಿ. ಒಂದು ಸೆಕೆಂಡಿನ ದಾಖಲೆಯಲ್ಲಿ ಇವೆರಡೂ ಒಂದೇ ಗುಡ್ಡೆ. ಹತ್ತು ಸೆಕೆಂಡು ದಾಖಲಿಸಿದರೆ ಬೇರೆಯಾಗುತ್ತವೆ. ದಿಢೀರನೆ ವಿದ್ಯುತ್ ತೆಗೆದು ನೋಡುವುದೂ ಒಂದು ಪರೀಕ್ಷೆ: ವಿದ್ಯುತ್ತಿನಿಂದ ಹುಟ್ಟಿದ ಕಂಪನ ಆ ಕ್ಷಣವೇ ಮಾಯವಾಗುತ್ತದೆ, ಓರೆ ಜೋಡಣೆಯದು ವೇಗದೊಡನೆ ನಿಧಾನವಾಗಿ ಇಳಿಯುತ್ತದೆ.

ಇದಕ್ಕಿಂತ ಅಪಾಯಕಾರಿಯಾದ ತಪ್ಪು ಮಾದರಿ ತೆಗೆಯುವ ವೇಗದಲ್ಲಿ ಆಗುತ್ತದೆ. ಸೆಕೆಂಡಿಗೆ 100 ಮಾದರಿ ಮಾತ್ರ ತೆಗೆದರೆ 86 ಹರ್ಟ್ಸ್ ಅಲೆಯ ಬಿಂದುಗಳು 14 ಹರ್ಟ್ಸ್ ಅಲೆಯ ಬಿಂದುಗಳ ಮೇಲೆ ಕರಾರುವಾಕ್ಕಾಗಿ ಕೂರುತ್ತವೆ. ಶಿಖರ 14ರಲ್ಲಿ ಕಾಣುತ್ತದೆ. ಅದು ಸುಳ್ಳೆಂದು ಆ ದಾಖಲೆಯಿಂದಲೇ ತಿಳಿಯಲು ಸಾಧ್ಯವಿಲ್ಲ. ಮಾದರಿ ವೇಗವನ್ನು ಬದಲಿಸಿ ಮತ್ತೆ ಅಳೆದಾಗ ಶಿಖರ ಜಾಗ ಬದಲಿಸಿದರೆ ಅದು ಹುಸಿ ಶಿಖರ. ಅದಕ್ಕೇ ಮಾದರಿ ವೇಗದ ಅರ್ಧಕ್ಕಿಂತ ಹೆಚ್ಚಿನ ಆವೃತ್ತಿಗಳನ್ನು ಮಾದರಿ ತೆಗೆಯುವ ಮೊದಲೇ ಫಿಲ್ಟರಿನಿಂದ ತಡೆಯಬೇಕು. ಆಮೇಲೆ ಯಾವ ಲೆಕ್ಕದಿಂದಲೂ ಸರಿಪಡಿಸಲಾಗದು.

ಸರಾಸರಿ ತೆಗೆಯುವ ಈ ವಿಧಾನದಲ್ಲಿ ಯಾವುದು ಯಾವಾಗ ನಡೆಯಿತು ಎಂಬುದು ಶಿಖರಗಳ ಎತ್ತರದಲ್ಲಿ ಉಳಿಯುವುದಿಲ್ಲ. ದಾಖಲೆಯ ನಡುವೆ ಮೋಟಾರಿನ ವೇಗ ಏರಿದರೆ 24ರ ಚೂಪು ಶಿಖರ ಅಗಲ ದಿಬ್ಬವಾಗಿ ಹರಡುತ್ತದೆ, ಎತ್ತರವೂ ತಗ್ಗುತ್ತದೆ. ಆಗ ದಾಖಲೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೂ ಬಿಡಿಸಬಹುದು, ಆದರೆ ತುಂಡು ಚಿಕ್ಕದಾದಷ್ಟೂ 1/T ದೊಡ್ಡದಾಗುತ್ತದೆ. ವೇಗ ಬದಲಾಗುತ್ತಲೇ ಇರುವ ಯಂತ್ರಕ್ಕೆ ಕಾಲದ ಬದಲು ಶಾಫ್ಟಿನ ಕೋನಕ್ಕೆ ತಕ್ಕಂತೆ, ಪ್ರತಿ ಸುತ್ತಿಗೆ ಇಷ್ಟೆಂದು, ಮಾದರಿ ತೆಗೆಯುವುದು ಮೇಲು. ಆಗ ಸುತ್ತಿಗೊಮ್ಮೆ ಬೀಳುವ ನೂಕು ವೇಗ ಎಷ್ಟೇ ಇದ್ದರೂ 1ರ ಮನೆಯಲ್ಲೂ, ಹೊರ ರೇಸಿನ ಹೊಡೆತ 3.58ರ ಆಸುಪಾಸಿನಲ್ಲೂ ನಿಲ್ಲುತ್ತವೆ.